ಸೋರಿದ ಬೆಳಕು, ತರಿ, ಧೂಳು: ಫಿಲ್ಮಿನ ಪದರಕ್ರಮ

ಬೇರೆ ಬೇರೆ ಕಡೆ ತೆಗೆದ ಚಿತ್ರಗಳ ತುಣುಕುಗಳನ್ನು ಕಂಪ್ಯೂಟರಿನಲ್ಲಿ ಪದರಗಳಾಗಿ ಜೋಡಿಸಿ ಒಂದೇ ದೃಶ್ಯವೆನ್ನುವಂತೆ ಮಾಡಿದ್ದನ್ನು ಸಂಯೋಜಿತ ಚಿತ್ರ ಎನ್ನುತ್ತಾರೆ. ಅದಕ್ಕೆ ಫಿಲ್ಮ್ ಕಾಲದ ಕಳೆ ಬರಲೆಂದು ಗ್ರೇನ್ ಎಂಬ ತರಿ, ಕಿತ್ತಳೆ ಬಣ್ಣದ ಬೆಳಕಿನ ಸೋರಿಕೆ ಮತ್ತು ಧೂಳಿನ ಚುಕ್ಕೆಗಳನ್ನು ಸೇರಿಸುವುದು ರೂಢಿ. ಆದರೆ ಈ ಮೂರೂ ಫಿಲ್ಮಿಗೆ ಒಟ್ಟಿಗೆ ಬಂದು ಸೇರಿದವಲ್ಲ: ಬೆಳಕು ಸೋರಿದ್ದು ಕ್ಯಾಮೆರಾದ ಒಳಗೆ, ತರಿ ಮೂಡಿದ್ದು ಫಿಲ್ಮನ್ನು ತೊಳೆಯುವಾಗ, ಧೂಳು ಕೂತದ್ದು ಅದೆಲ್ಲ ಮುಗಿದ ಮೇಲೆ. ಆದ್ದರಿಂದ ಪದರಗಳೂ ಕೆಳಗಿನಿಂದ ಮೇಲಕ್ಕೆ ಇದೇ ಕ್ರಮದಲ್ಲಿರಬೇಕು. ಕ್ರಮ ತಪ್ಪಿದರೆ ಎಷ್ಟು ದುಬಾರಿ ಓವರ್‌ಲೇ ತಂದು ಹಾಕಿದರೂ ಅದು ಮೇಲೆ ಬಳಿದದ್ದೆಂದು ಕಣ್ಣಿಗೆ ಗೊತ್ತಾಗಿಬಿಡುತ್ತದೆ.

ಹಳೆಯ ಕ್ಯಾಮೆರಾಗಳ ಹಿಂಬಾಗಿಲಿನ ಸುತ್ತ ಇರುವ ಸ್ಪಂಜಿನ ಪಟ್ಟಿ ಪುಡಿಯಾದಾಗ ಆ ಸಂದಿಯಿಂದ ಬೆಳಕು ಫಿಲ್ಮಿನ ಬೆನ್ನ ಕಡೆಗೆ ನುಗ್ಗುತ್ತದೆ. ಬಣ್ಣದ ಫಿಲ್ಮಿನಲ್ಲಿ ಸಾಮಾನ್ಯವಾಗಿ ನೀಲಿಯನ್ನು ಗ್ರಹಿಸುವ ಪದರ ಲೆನ್ಸಿನ ಕಡೆಗೂ ಕೆಂಪನ್ನು ಗ್ರಹಿಸುವ ಪದರ ತಳದ ಹಾಳೆಯ ಕಡೆಗೂ ಇರುವುದರಿಂದ, ಹಿಂದಿನಿಂದ ಬಂದ ಬೆಳಕು ಮೊದಲು ತಾಗುವುದು ಕೆಂಪು ಪದರಕ್ಕೆ. ಸೋರಿಕೆಯ ಅಂಚು ಕೆಂಪಾಗಿ, ಬೆಳಕು ಹೆಚ್ಚಿದ ಕಡೆ ಕಿತ್ತಳೆ, ಹಳದಿಗಳಾಗಿ, ನಡುವೆ ಬಿಳಿಯಾಗಿ ಕಾಣುವುದು ಇದರಿಂದಲೇ. ಇದು ಇರುವ ಬೆಳಕಿಗೆ ಕೂಡಿಕೊಳ್ಳುವ ಬೆಳಕಾದ್ದರಿಂದ, ಕೆಳಗಿನ ಚಿತ್ರವನ್ನು ಎಲ್ಲಿಯೂ ಕಪ್ಪಾಗಿಸದೆ ತಿಳಿಯಾಗಿಸುವ Screen ವಿಧಾನ ಇದಕ್ಕೆ ಹೊಂದುತ್ತದೆ. ಸೋರಿಕೆಯನ್ನು ತರಿಯ ಮೇಲೆ ಇಟ್ಟರೆ ನೆರಳಿನ ಭಾಗಗಳ ಮೇಲೆ ನುಣುಪಾದ ಕಿತ್ತಳೆ ಜಿಲೇಟಿನ್ ಹಾಳೆ ಹೊದಿಸಿದಂತಾಗುತ್ತದೆ. ನಿಜವಾದ ಫಿಲ್ಮಿನಲ್ಲಿ ಆ ಕಿತ್ತಳೆಯೂ ತರಿಗಳಿಂದಲೇ ಆದದ್ದು.

ತರಿಯ ವಿಷಯಕ್ಕೆ ಹೆಚ್ಚು ಗಮನ ಬೇಕು. ಫಿಲ್ಮಿನ ಲೇಪದಲ್ಲಿ ಬೆಳಕಿಗೆ ಸ್ಪಂದಿಸುವ ಬೆಳ್ಳಿ ಲವಣದ ಹರಳುಗಳಿರುತ್ತವೆ. ಬಣ್ಣದ ಫಿಲ್ಮನ್ನು ತೊಳೆಯುವಾಗ ಬೆಳ್ಳಿ ಹೊರಟುಹೋಗಿ, ಹರಳಿದ್ದ ಕಡೆ ಬಣ್ಣದ ಪುಟ್ಟ ಮೋಡಗಳು ಉಳಿಯುತ್ತವೆ, ಅವು ಅಡ್ಡಾದಿಡ್ಡಿಯಾಗಿ ಒಂದರ ಮೇಲೊಂದು ಬಿದ್ದು ಗುಂಪಾದದ್ದೇ ಕಣ್ಣಿಗೆ ತರಿಯಾಗಿ ಕಾಣುತ್ತದೆ. ಅಂದರೆ ತರಿ ಚಿತ್ರದ ಮೇಲೆ ಉದುರಿದ ಪುಡಿಯಲ್ಲ, ಚಿತ್ರವೇ ತರಿಯಿಂದ ಆದದ್ದು. ಸಂಜೆಯ ಬೀದಿಯೊಂದನ್ನು ಮೊಬೈಲಿನಲ್ಲಿಯೂ ಅದರ ಮುಂದೆ ನಿಲ್ಲಿಸಬೇಕಾದ ವ್ಯಕ್ತಿಯನ್ನು ಸ್ಟುಡಿಯೋದಲ್ಲಿಯೂ ತೆಗೆದಿದ್ದರೆ, ಬೀದಿಯಲ್ಲಿ ಮೊಬೈಲಿನ ಸಂವೇದಕದ ಒರಟುತನ ಇರುತ್ತದೆ, ವ್ಯಕ್ತಿ ಮಾತ್ರ ನುಣ್ಣಗೆ ಕತ್ತರಿಸಿ ಅಂಟಿಸಿದಂತೆ ತೋರುತ್ತಾನೆ. ಮೊದಲು ಬೀದಿಯ ಒರಟನ್ನು ತಗ್ಗಿಸಿ, ಬಣ್ಣ ಹೊಂದಿಸಿ, ಆಮೇಲೆ ಎರಡರ ಮೇಲೂ ಒಂದೇ ತರಿಯ ಪದರ ಹಾಯುವಂತೆ ಮಾಡಬೇಕು.

ಆ ಪದರಕ್ಕೆ ಅರ್ಧ ಬೂದು, ಅಂದರೆ ಕಪ್ಪು ಬಿಳುಪುಗಳ ನಟ್ಟನಡುವಿನ ಬಣ್ಣ ತುಂಬಿ ಅದನ್ನು Overlay ವಿಧಾನಕ್ಕೆ ಇಟ್ಟರೆ ಚಿತ್ರದಲ್ಲಿ ಏನೂ ಬದಲಾಗುವುದಿಲ್ಲ. ಅದರ ಮೇಲೆ Add Noise ಹಾಕಿದಾಗ ಮಾತ್ರ ತರಿ ಮೂಡುತ್ತದೆ. ಈ ವಿಧಾನ ಅಚ್ಚ ಕಪ್ಪನ್ನೂ ಅಚ್ಚ ಬಿಳಿಯನ್ನೂ ಮುಟ್ಟದೆ ಮಧ್ಯಛಾಯೆಗಳಲ್ಲೇ ಹೆಚ್ಚು ಕೆಲಸ ಮಾಡುತ್ತದೆ, ಮುದ್ರಿತ ಫೋಟೋದಲ್ಲಿಯೂ ತರಿ ಎದ್ದು ಕಾಣುವುದು ಅಲ್ಲಿಯೇ. ಆದರೆ ಹೀಗೆ ಬಂದ ಪ್ರತಿ ಚುಕ್ಕೆಯೂ ಒಂದೇ ಪಿಕ್ಸೆಲ್ಲಿನಷ್ಟು, ಸೂಜಿಮೊನೆಯಷ್ಟು ಚೂಪು. 36 ಮಿಲಿಮೀಟರ್ ಅಗಲದ ಫಿಲ್ಮ್ ಚೌಕಟ್ಟನ್ನು 6000 ಪಿಕ್ಸೆಲ್ಲುಗಳಾಗಿ ಹಂಚಿದರೆ ಒಂದು ಪಿಕ್ಸೆಲ್ಲಿಗೆ ಸಿಗುವುದು ಮಿಲಿಮೀಟರಿನ ಸಾವಿರ ಭಾಗಗಳಲ್ಲಿ ಆರು, ಅಂದರೆ 6 ಮೈಕ್ರಾನ್. ಗುಂಪುಗೂಡಿದ ತರಿ ಅದಕ್ಕಿಂತ ದೊಡ್ಡದು. ಹಾಗಾಗಿ Gaussian Blur ಬಳಸಿ ಒಂದು ಪಿಕ್ಸೆಲ್ಲಿನ ಆಸುಪಾಸಿನಷ್ಟು ಮಸುಕು ಮಾಡಿ ಚುಕ್ಕೆಗಳನ್ನು ಒಂದಕ್ಕೊಂದು ಬೆರೆಸಬೇಕು, ಮಸುಕಿನಿಂದ ತರಿಯ ಕಸುವೂ ಕುಗ್ಗುವುದರಿಂದ ಮೊದಲೇ ಸ್ವಲ್ಪ ಹೆಚ್ಚು ಹಾಕಿರಬೇಕು.

ಧೂಳಿನಲ್ಲಿ ಹೆಚ್ಚಿನವರು ಎಡವುವುದು ಬಣ್ಣದಲ್ಲಿ. ನೆಗೆಟಿವ್ ಮೇಲೆ ಕೂತ ಕಣ ಮುದ್ರಿಸುವಾಗ ಬೆಳಕನ್ನು ತಡೆಯುತ್ತದೆ, ಬೆಳಕು ತಾಗದ ಕಾಗದ ಬಿಳಿಯಾಗಿಯೇ ಉಳಿಯುತ್ತದೆ. ಅದೇ ಕಣ ಸ್ಲೈಡಿನ ಮೇಲಿದ್ದರೆ ಪರದೆಯ ಮೇಲೆ ಕಪ್ಪು ಚುಕ್ಕೆ. ಆದ್ದರಿಂದ ಮುದ್ರಿತ ಫೋಟೋದಂತೆ ಕಾಣಬೇಕಾದ ಚಿತ್ರಕ್ಕೆ ಕಪ್ಪು ಹಿನ್ನೆಲೆಯ ಬಿಳಿ ಧೂಳನ್ನು Screen ವಿಧಾನದಲ್ಲಿಯೂ, ಸ್ಲೈಡಿನಂತೆ ಕಾಣಬೇಕಾದದ್ದಕ್ಕೆ ಬಿಳಿ ಹಿನ್ನೆಲೆಯ ಕಪ್ಪು ಧೂಳನ್ನು Multiply ವಿಧಾನದಲ್ಲಿಯೂ ಎಲ್ಲಕ್ಕಿಂತ ಮೇಲೆ ಇಡಬೇಕು. ಚಲಿಸುವ ಚಿತ್ರದಲ್ಲಾದರೆ ಒಂದು ಕಣ ಒಂದೇ ಚೌಕಟ್ಟಿನಲ್ಲಿ, ಅಂದರೆ ಸೆಕೆಂಡಿನ 24ನೇ ಒಂದು ಭಾಗದಷ್ಟು ಹೊತ್ತು ಮಿಂಚಿ ಮಾಯವಾಗುತ್ತದೆ; ನಿಂತಲ್ಲೇ ನಡುಗುತ್ತ ಉಳಿಯುವ ಕೂದಲೆಳೆ ಫಿಲ್ಮಿನದಲ್ಲ, ಫಿಲ್ಮ್ ಹಾದುಹೋಗುವ ಗೇಟಿಗೆ ಸಿಕ್ಕಿಕೊಂಡದ್ದು.

ಇಷ್ಟಾದರೂ 6000 ಪಿಕ್ಸೆಲ್ ಅಗಲದಲ್ಲಿ ಹದವಾಗಿದ್ದ ತರಿ, ಚಿತ್ರವನ್ನು ಮೊಬೈಲಿಗೆಂದು 1080ಕ್ಕೆ ಇಳಿಸಿದಾಗ ಅಕ್ಕಪಕ್ಕದ ಚುಕ್ಕೆಗಳು ಸರಾಸರಿಯಾಗಿ ಬಹುತೇಕ ಅಳಿಸಿಹೋಗುತ್ತದೆ, ಉಳಿದದ್ದನ್ನು ಜೆಪೆಗ್ ಕುಗ್ಗಿಸುವಿಕೆ ಚೌಕ ಚೌಕವಾಗಿ ಕಲಸುತ್ತದೆ. ಆದಕಾರಣ ಅಳತೆ ಇಳಿಸಿದ ನಂತರವೇ ಆ ಅಳತೆಗೆ ತಕ್ಕ ತರಿಯನ್ನು ಹೊಸದಾಗಿ ಹಾಕಿ, ಕಡಿಮೆ ಕುಗ್ಗಿಸಿ ಉಳಿಸಬೇಕಾಗುತ್ತದೆ.