ಒಂದು ಇಂಜೆಕ್ಷನ್ ಹಾಕಿಸಿದ್ದೇವಲ್ಲ, ಸಾಕಲ್ಲವೇ?

"ಮರಿ ತಂದ ವಾರವೇ ಇಂಜೆಕ್ಷನ್ ಹಾಕಿಸಿದ್ದೇವೆ ಡಾಕ್ಟ್ರೇ, ಆದರೂ ಪಾರ್ವೊ ಹೇಗೆ ಬಂತು?" ಪಶು ಆಸ್ಪತ್ರೆಯಲ್ಲಿ ಹೀಗೆ ಕೇಳುವವರು ನಾಯಿಯನ್ನು ಕಡೆಗಣಿಸಿದವರಲ್ಲ. ದುಡ್ಡು ಕೊಟ್ಟು, ಆಟೋ ಹಿಡಿದು, ಲಸಿಕೆ ಹಾಕಿಸಿಕೊಂಡು ಬಂದವರೇ. ಔಷಧವೇ ನಕಲಿ ಇರಬೇಕು ಎಂಬ ಅನುಮಾನ ಅವರಿಗೆ. ಹೆಚ್ಚಿನ ಸಲ ಔಷಧ ಸರಿಯಾಗಿಯೇ ಇರುತ್ತದೆ. ಒಂದು ಸಲಕ್ಕೆ ಸಾಕು ಎಂದು ನಿಲ್ಲಿಸಿದ್ದರಿಂದ ಎಡವಟ್ಟಾಗಿರುತ್ತದೆ. ಹುಳದ ಮಾತ್ರೆ, ಉಣ್ಣೆಯ ಔಷಧಗಳ ವಿಷಯದಲ್ಲೂ ನಡೆಯುವುದು ಇದೇ.

ಮೊದಲು ಲಸಿಕೆ. ಹುಟ್ಟಿದ ದಿನ ಮರಿ ಕುಡಿಯುವ ಗಿಣ್ಣುಹಾಲಿನಲ್ಲಿ ತಾಯಿಯ ಪ್ರತಿಕಾಯಗಳಿರುತ್ತವೆ. ಮೊದಲ ಕೆಲವು ವಾರ ಮರಿಯನ್ನು ಕಾಯುವುದು ಅವೇ. ಆದರೆ ಲಸಿಕೆಯಲ್ಲಿರುವುದೂ ಪಾರ್ವೊ ವೈರಸ್ಸೇ, ದುರ್ಬಲಗೊಳಿಸಿದ್ದು ಅಷ್ಟೆ. ತಾಯಿಯ ಪ್ರತಿಕಾಯಗಳು ಅದನ್ನೂ ಬಿಡುವುದಿಲ್ಲ. ಮರಿಯ ದೇಹ ಅದನ್ನು ಕಂಡು ಪಾಠ ಕಲಿಯುವ ಮೊದಲೇ ಮುಗಿಸಿಬಿಡುತ್ತವೆ. ಈ ಪ್ರತಿಕಾಯಗಳ ಮಟ್ಟ ಸುಮಾರು 10 ದಿನಕ್ಕೊಮ್ಮೆ ಅರ್ಧಕ್ಕಿಳಿಯುತ್ತ ಹೋಗುತ್ತದೆ.

45 ದಿನದ ಮರಿಯೊಂದಕ್ಕೆ ಮೊದಲ ಡೋಸ್ ಆಯಿತು ಎನ್ನೋಣ. ತಾಯಿಗೆ ಚೆನ್ನಾಗಿ ಲಸಿಕೆಯಾಗಿತ್ತು, ಹಾಗಾಗಿ ಮರಿಯ ಮೈಯಲ್ಲಿ ತಾಯಿಯ ರಕ್ಷಣೆ ಇನ್ನೂ ಗಟ್ಟಿಯಾಗಿದೆ. ಆ ಡೋಸ್ ಕೆಲಸ ಮಾಡಲಿಲ್ಲ. ಎರಡು ತಿಂಗಳು ದಾಟುವ ಹೊತ್ತಿಗೆ ಆ ರಕ್ಷಣೆ ಬೀದಿಯ ವೈರಸ್ಸನ್ನು ತಡೆಯಲಾರದಷ್ಟು ಇಳಿದಿದೆ. ಲಸಿಕೆಯನ್ನು ಕೆಡಿಸಲು ಮಾತ್ರ ಇನ್ನೂ ಸಾಕಾಗುವಷ್ಟು ಉಳಿದಿದೆ. ಮರಿಗೆ ಎರಡೂ ಕಡೆಯಿಂದ ರಕ್ಷಣೆಯಿಲ್ಲದ ಕಾಲ ಇದು. "ಇಂಜೆಕ್ಷನ್ ಆಗಿದೆಯಲ್ಲ" ಎಂಬ ಧೈರ್ಯದಲ್ಲಿ ಮನೆಯವರು ಅದನ್ನು ಪಾರ್ಕಿಗೆ ಕರೆದೊಯ್ಯುವುದೂ ಈಗಲೇ. ವಾರದೊಳಗೆ ಮರಿ ಊಟ ಬಿಡುತ್ತದೆ, ವಾಂತಿ ಮಾಡುತ್ತದೆ, ಆಮೇಲೆ ಕೆಟ್ಟ ವಾಸನೆಯ ರಕ್ತಭೇದಿ.

ಯಾವ ಮರಿಯಲ್ಲಿ ಈ ಕಾಲ ಯಾವಾಗ ಬರುತ್ತದೆ ಎಂದು ಹೊರಗಿನಿಂದ ನೋಡಿ ಹೇಳಲು ಬರುವುದಿಲ್ಲ. ಒಂದೇ ಸೂಲಿನ ಮರಿಗಳಲ್ಲೂ ವ್ಯತ್ಯಾಸವಿರುತ್ತದೆ, ಯಾಕೆಂದರೆ ಎಲ್ಲವೂ ಸಮನಾಗಿ ಗಿಣ್ಣು ಕುಡಿದಿರುವುದಿಲ್ಲ. ಅದಕ್ಕೇ 6ರಿಂದ 8 ವಾರಕ್ಕೆ ಶುರುಮಾಡಿ, ಮೂರು ನಾಲ್ಕು ವಾರಕ್ಕೊಮ್ಮೆ ಮತ್ತೆ ಮತ್ತೆ ಹಾಕಿಸಿ, ಕೊನೆಯ ಡೋಸ್ 16 ವಾರ ತುಂಬಿದ ಮೇಲೆ ಬೀಳುವಂತೆ ನೋಡಿಕೊಳ್ಳುತ್ತಾರೆ. ನನ್ನನ್ನು ಕೇಳಿದರೆ ಕಾರ್ಡಿನಲ್ಲಿ ಎಲ್ಲಕ್ಕಿಂತ ಮುಖ್ಯವಾದ ತಾರೀಖು ಆ ಕೊನೆಯದು, ಜನ ತಪ್ಪಿಸುವುದೂ ಅದನ್ನೇ. ಆಮೇಲಿನ ಬೂಸ್ಟರ್ ಆರು ತಿಂಗಳಿಂದ ಒಂದು ವರ್ಷದೊಳಗೆ. ಇಲಿಜ್ವರದ ಲಸಿಕೆಯ ಬಲ ಮಾತ್ರ ಬೇಗ ಕುಗ್ಗುತ್ತದೆ, ಅದನ್ನು ಪ್ರತಿವರ್ಷ ಹಾಕಿಸಬೇಕು. ಮಳೆನೀರು ನಿಲ್ಲುವ, ಇಲಿ ಓಡಾಡುವ ಊರುಗಳಲ್ಲಿ ಇದನ್ನು ಬಿಡುವಂತೆಯೇ ಇಲ್ಲ.

ಅಂಗಡಿಯಿಂದ ಲಸಿಕೆ ತಂದು ಮನೆಯಲ್ಲೇ ಚುಚ್ಚುವವರಿದ್ದಾರೆ. ಲಸಿಕೆ 2ರಿಂದ 8 ಡಿಗ್ರಿ ತಂಪಿನಲ್ಲೇ ಇರಬೇಕು. ಬೇಸಿಗೆಯ ಮಧ್ಯಾಹ್ನ ಸ್ಕೂಟರ್ ಡಿಕ್ಕಿಯಲ್ಲಿ ಬಂದ ಬಾಟಲಿಯೊಳಗಿನ ವೈರಸ್ ಸತ್ತಿದ್ದರೆ ನೋಡಿದರೆ ಗೊತ್ತಾಗುವುದಿಲ್ಲ. ವೈದ್ಯರು ಬಾಟಲಿಯ ಮೇಲಿನ ಚಿಕ್ಕ ಲೇಬಲ್ ಕಿತ್ತು ಕಾರ್ಡಿಗೆ ಅಂಟಿಸುತ್ತಾರಲ್ಲ, ಅದರಲ್ಲಿ ಬ್ಯಾಚ್ ನಂಬರ್ ಇರುತ್ತದೆ. ಅದಿಲ್ಲದ ಕಾರ್ಡ್ ತೋರಿಸಿ ಯಾರಾದರೂ ಮರಿ ಮಾರಿದರೆ, ಲಸಿಕೆ ಆಗಿಲ್ಲವೆಂದೇ ಎಣಿಸಿ ವೈದ್ಯರ ಬಳಿ ಹೋಗಿ.

ಪಾರ್ವೊದಿಂದ ಒಂದು ಮರಿ ಸತ್ತ ಮನೆಯವರು ಫಿನಾಯಿಲ್ ಹಾಕಿ ತೊಳೆದು ಇನ್ನೊಂದು ಮರಿ ತರುತ್ತಾರೆ. ಈ ವೈರಸ್ ಫಿನಾಯಿಲಿಗೆ ಸಾಯುವುದಿಲ್ಲ, ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಮೊದಲು ಸೋಪಿನಿಂದ ಕೊಳೆ ತೆಗೆದು, ಆಮೇಲೆ ಒಂದು ಪಾಲು ಬ್ಲೀಚ್ ದ್ರವಕ್ಕೆ ಮೂವತ್ತು ಪಾಲು ನೀರು ಬೆರೆಸಿ ಹತ್ತು ನಿಮಿಷ ನೆಲ ಒದ್ದೆಯಾಗಿರಲು ಬಿಡಬೇಕು. ಬ್ಲೀಚಿಗೆ ಆ್ಯಸಿಡ್ ಆಗಲಿ ಬೇರೆ ಕ್ಲೀನರ್ ಆಗಲಿ ಸೇರಿಸಬಾರದು. ಮಣ್ಣಿನ ಅಂಗಳವನ್ನು ಹೀಗೆ ಶುದ್ಧ ಮಾಡಲು ಆಗುವುದಿಲ್ಲ. ಅಲ್ಲಿಗೆ ಲಸಿಕೆ ಪೂರ್ತಿಯಾದ ನಾಯಿಯೇ ಬರಬೇಕು.

ರೇಬೀಸ್ ಬಗ್ಗೆ "ನಮ್ಮದು ಮನೆ ಬಿಟ್ಟು ಹೋಗಲ್ಲ" ಎನ್ನುತ್ತಾರೆ. ಗೇಟಿನ ಸಂದಿಯಲ್ಲಿ ಮೂತಿಗೆ ಮೂತಿ ತಾಗಿ ಕಚ್ಚಾಡಿದರೂ ಸಾಕು. ಮೂರು ತಿಂಗಳಿಗೆ ಮೊದಲ ಚುಚ್ಚುಮದ್ದು ಆಗಲೇಬೇಕು. ಮನೆಯ ನಾಯಿಯೇ ಕಚ್ಚಲಿ, ಗಾಯವನ್ನು ಸೋಪುನೀರಿನಲ್ಲಿ 15 ನಿಮಿಷ ತೊಳೆದು ಆಸ್ಪತ್ರೆಗೆ ಹೋಗಿ. ಹತ್ತು ದಿನ ನಾಯಿಯನ್ನು ನೋಡಿಕೊಂಡು ಆಮೇಲೆ ತೀರ್ಮಾನಿಸೋಣ ಎಂದು ಚಿಕಿತ್ಸೆ ಮುಂದೂಡಬೇಡಿ.

ಇನ್ನು ಹುಳ. ಸಿಹಿ ತಿಂದರೆ ಹುಳ ಆಗುತ್ತದೆ ಎಂಬ ಮಾತು ಎಲ್ಲ ಮನೆಯಲ್ಲೂ ಇದೆ. ಬಿಸ್ಕತ್ತು ಕೊಡದೆ ಬೆಳೆಸಿದ ಮರಿಯಲ್ಲೂ ದುಂಡುಹುಳ ಇರುತ್ತದೆ, ಯಾಕೆಂದರೆ ಅದು ತಾಯಿಯ ಹೊಟ್ಟೆಯಲ್ಲೇ ಬಂದಿರುತ್ತದೆ. ತಾಯಿನಾಯಿಯ ಮಾಂಸಖಂಡದಲ್ಲಿ ಮಲಗಿದ್ದ ಎಳೆಹುಳಗಳು ಗಬ್ಬದ ಕೊನೆಯ ದಿನಗಳಲ್ಲಿ ಎಚ್ಚೆತ್ತು ಮರಿಗಳಿಗೆ ದಾಟುತ್ತವೆ, ಆಮೇಲೆ ಹಾಲಿನಲ್ಲೂ ಹೋಗುತ್ತವೆ. ಮಾತ್ರೆ ಕೊಲ್ಲುವುದು ಮುಖ್ಯವಾಗಿ ಕರುಳಿನಲ್ಲಿರುವ ಹುಳವನ್ನು. ಶ್ವಾಸಕೋಶದಲ್ಲಿ ಅಲೆಯುತ್ತಿರುವ ಮರಿಹುಳ ಎರಡು ವಾರದಲ್ಲಿ ಕರುಳಿಗೆ ಇಳಿದಿರುತ್ತದೆ. ಎರಡು ವಾರದ ವಯಸ್ಸಿನಿಂದ ಎಂಟು ವಾರದವರೆಗೆ ಹದಿನೈದು ದಿನಕ್ಕೊಮ್ಮೆ ಔಷಧ ಕೊಡುವುದು ಇದಕ್ಕೇ. ಆಮೇಲೆ ಆರು ತಿಂಗಳವರೆಗೆ ತಿಂಗಳಿಗೊಮ್ಮೆ, ಮುಂದೆ ಮೂರು ತಿಂಗಳಿಗೊಮ್ಮೆ. ಪ್ರತಿಸಲ ತೂಕ ನೋಡಿಯೇ ಕೊಡಬೇಕು. ಬೆಳೆಯುವ ಮರಿಗೆ ಹೋದ ತಿಂಗಳ ಅರ್ಧ ಮಾತ್ರೆ ಈ ತಿಂಗಳಿಗೆ ಸಾಲದು. ಮಲದಲ್ಲಿ ಹುಳ ಕಾಣದಿದ್ದರೆ ಹುಳವಿಲ್ಲ ಎಂದೂ ಅಲ್ಲ, ಮೊಟ್ಟೆಗಳು ಕಾಣುವುದು ಸೂಕ್ಷ್ಮದರ್ಶಕಕ್ಕೆ ಮಾತ್ರ. ಬೆಳ್ಳುಳ್ಳಿ ತಿನ್ನಿಸುವವರಿಗೆ ಒಂದು ಮಾತು: ಅದು ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತದೆ.

ಉಣ್ಣೆಯದು ಎಲ್ಲಕ್ಕಿಂತ ದೊಡ್ಡ ತಪ್ಪು ಲೆಕ್ಕ. ನಾಯಿಯನ್ನು ತೊಳೆದು, ಕಂಡ ಉಣ್ಣೆಗಳನ್ನೆಲ್ಲ ಕಿತ್ತು ಹಾಕುತ್ತಾರೆ. ಎರಡು ವಾರಕ್ಕೆ ಮತ್ತೆ ಅಷ್ಟೇ. ನಮ್ಮ ಮನೆಗಳಲ್ಲಿ ಕಾಣುವ ಕಂದು ಉಣ್ಣೆ ನಾಯಿಯ ಮೈಮೇಲೆ ಇರುವುದು ಬದುಕಿನ ಸ್ವಲ್ಪ ಕಾಲ ಮಾತ್ರ. ಮರಿ, ಎಳೆಯದು, ಬೆಳೆದದ್ದು ಎಂಬ ಮೂರು ಹಂತದಲ್ಲೂ ಒಮ್ಮೊಮ್ಮೆ ಏರಿ, ಕೆಲವು ದಿನ ರಕ್ತ ಹೀರಿ, ಉದುರಿ, ಗೋಡೆಯ ಬಿರುಕು, ಬಾಗಿಲ ಚೌಕಟ್ಟಿನ ಸಂದಿ ಸೇರಿಬಿಡುತ್ತದೆ. ಬಟಾಣಿಯಷ್ಟು ಊದಿದ ಬೂದು ಹೆಣ್ಣು ಗೋಡೆ ಹತ್ತುವುದನ್ನು ನೋಡಿರುತ್ತೀರಿ. ಅದು ಮೊಟ್ಟೆಯಿಡಲು ಹೊರಟಿರುತ್ತದೆ, ಅದೂ ಸಾವಿರಗಟ್ಟಲೆ. ಊಟವಿಲ್ಲದೆಯೂ ಉಣ್ಣೆ ತಿಂಗಳುಗಟ್ಟಲೆ ಕಾಯಬಲ್ಲದು.

ಹಾಗಾಗಿ ನಾಯಿಗೂ ಮನೆಗೂ ಒಟ್ಟಿಗೆ ಚಿಕಿತ್ಸೆ ಆಗಬೇಕು. ನಾಯಿಗೆ ವೈದ್ಯರು ತೂಕ ನೋಡಿ ಬರೆಯುವ ಮಾತ್ರೆ ಅಥವಾ ಕುತ್ತಿಗೆಯ ಹಿಂದೆ ಹಾಕುವ ಹನಿಮದ್ದು, ಅದೂ ಬಿಡದೆ ಕೆಲವು ತಿಂಗಳು. ಫಿಟ್ಸ್ ಬಂದಿದ್ದ ನಾಯಿಯಾದರೆ ಮೊದಲೇ ಹೇಳಿ, ಕೆಲವು ಮಾತ್ರೆ ಅವಕ್ಕೆ ಆಗುವುದಿಲ್ಲ. ಬಿರುಕುಗಳಿಗೆ ಸಿಮೆಂಟು ಮೆತ್ತಿ, ಹಾಸಿಗೆಯನ್ನು ಬಿಸಿನೀರಲ್ಲಿ ಒಗೆಯಿರಿ. ಸೀಮೆಎಣ್ಣೆ ಚರ್ಮ ಸುಡುತ್ತದೆ. ಕರ್ಪೂರ ಬೆರೆಸಿದ ಎಣ್ಣೆ ಚರ್ಮದಿಂದ ಒಳಗಿಳಿದು ಫಿಟ್ಸ್ ತರಬಹುದು. ದನಕ್ಕೆ ಹೊಡೆಯುವ ಔಷಧವನ್ನು ಅಂದಾಜಿನಲ್ಲಿ ಬೆರೆಸಿ ಹಚ್ಚಿದ ನಾಯಿ ಜೊಲ್ಲು ಸುರಿಸಿ ನಡುಗತೊಡಗಿದರೆ, ತಕ್ಷಣ ತೊಳೆದು, ಔಷಧದ ಬಾಟಲಿಯ ಸಮೇತ ಆಸ್ಪತ್ರೆಗೆ ಓಡಿ.

ಉಣ್ಣೆ ಕಿತ್ತಾಯಿತು, ಅಪಾಯ ಕಳೆಯಿತು ಎಂದುಕೊಳ್ಳಬೇಡಿ. ಉಣ್ಣೆಜ್ವರ ಕಾಣಿಸುವುದು ಕಚ್ಚಿ ಒಂದರಿಂದ ಮೂರು ವಾರದ ಮೇಲೆ. ಜ್ವರ, ಮಂಕು, ಊಟ ಸೇರದಿರುವುದು. ತುಟಿ ಎತ್ತಿ ನೋಡಿದರೆ ವಸಡು ಬಿಳಿಚಿರುತ್ತದೆ, ಕೆಲವಕ್ಕೆ ಮೂಗಿನಿಂದ ರಕ್ತ. ರಕ್ತಪರೀಕ್ಷೆಯಲ್ಲಿ ಪ್ಲೇಟ್‌ಲೆಟ್ ಇಳಿದಿರುತ್ತದೆ. ಎರ್ಲಿಕಿಯಾ ಎಂದು ಗೊತ್ತಾದರೆ ಡಾಕ್ಸಿಸೈಕ್ಲಿನ್ ಮಾತ್ರೆ ನಾಲ್ಕು ವಾರ. ಮೂರನೆಯ ದಿನಕ್ಕೇ ನಾಯಿ ಎದ್ದು ಬಾಲ ಆಡಿಸುತ್ತದೆ, ಐದನೆಯ ದಿನಕ್ಕೆ ಮನೆಯವರು ಮಾತ್ರೆ ನಿಲ್ಲಿಸುತ್ತಾರೆ. ಉಳಿದ ಸೋಂಕು ತಿಂಗಳುಗಟ್ಟಲೆ ಸದ್ದಿಲ್ಲದೆ ಒಳಗಿದ್ದು, ಕೆಲವು ನಾಯಿಗಳಲ್ಲಿ ಮೂಳೆಮಜ್ಜೆಯನ್ನೇ ಹಾಳುಮಾಡುತ್ತದೆ. ಆ ಹಂತಕ್ಕೆ ಹೋದ ಮೇಲೆ ಉಳಿಸಿಕೊಳ್ಳುವುದು ಕಷ್ಟ. ನಾಲ್ಕು ವಾರ ಮುಗಿದ ಮೇಲೆ ನಾಯಿ ಎಷ್ಟೇ ಚುರುಕಾಗಿದ್ದರೂ ಇನ್ನೊಮ್ಮೆ ರಕ್ತ ಪರೀಕ್ಷೆ ಮಾಡಿಸಿ, ಪ್ಲೇಟ್‌ಲೆಟ್ ಮೇಲೆ ಬಂದಿದೆಯೇ ನೋಡಿಸಿ.