ತಾಯ್ತಂದೆಯರ ಮದುವೆಯ ರಾಗ

ಹನುಮಂತನಗರದ ಕುಟುಂಬವೊಂದು ಮಗಳ ವಿವಾಹಕ್ಕೆ ಗೊತ್ತುಮಾಡಿದ ಬ್ಯಾಂಡಿನವರಿಗೆ ಪತ್ರ ಬರೆಯಿತು. ವಧುವಿನ ತಾಯಿ ಇಂದಿಲ್ಲ. ಅವರ ಮದುವೆಯಲ್ಲಿ ಮೊಳಗಿದ ರಾಗವೇ ಮಗಳಿಗೂ ಬೇಕೆಂಬುದು ತಂದೆಯವರ ಬಯಕೆ; ಆದರೆ ಅದರ ಹೆಸರು ತಿಳಿಯದು.

ಬ್ಯಾಂಡ್ ಮಾಸ್ತರರು ಕೇಳಿದ್ದು ಒಂದೇ: "ದೇವಾಲಯದೊಳಗೆ ಬರುವಾಗಲೋ, ಹೊರಗೆ ಹೋಗುವಾಗಲೋ?"

ಪ್ರಶ್ನೆ ಸರಿಯಾದದ್ದೇ. 'ವೆಡ್ಡಿಂಗ್ ಮಾರ್ಚ್' ಎಂದು ನಮ್ಮವರು ಕರೆಯುವ ರಾಗಗಳು ಎರಡು. ವಧುವಿನ ಪ್ರವೇಶಕ್ಕೆ ನುಡಿಸುವ ಮೆಲುನಡೆಯ ರಾಗ 1850ರಲ್ಲಿ ರಂಗವೇರಿದ ವ್ಯಾಗ್ನರನ 'ಲೋಹೆನ್‌ಗ್ರಿನ್' ಸಂಗೀತನಾಟಕದ್ದು. ವಿಚಿತ್ರವೆಂದರೆ, ಅಲ್ಲಿ ಅದನ್ನು ಹಾಡುವುದು ಮದುವೆ ಮುಗಿದು ದಂಪತಿಗಳನ್ನು ಶಯನಗೃಹಕ್ಕೆ ಕರೆದೊಯ್ಯುವಾಗ! ಇನ್ನೊಂದು, ಷೇಕ್ಸ್‌ಪಿಯರನ ನಾಟಕಕ್ಕಾಗಿ ಮೆಂಡೆಲ್‌ಸನ್ 1842ರಲ್ಲಿ ರಚಿಸಿದ್ದು. 1858ರಲ್ಲಿ ವಿಕ್ಟೋರಿಯಾ ರಾಣಿಯ ಮಗಳ ಮದುವೆಯಲ್ಲಿ ನುಡಿಸಿದ ಬಳಿಕ ಅದು ಎಲ್ಲೆಡೆ ಹಬ್ಬಿತು. ಅದರಲ್ಲಿ ರಾಗಕ್ಕೆ ಮೊದಲು ತುತ್ತೂರಿಗಳು ಒಂದೇ ಸ್ವರವನ್ನು ಮೂರು ಮೂರಾಗಿ ಮೊಳಗಿಸುತ್ತವೆ.

"ಮೆಟ್ಟಿಲಿಳಿಯುವಾಗ ಮೊದಲು ತುತ್ತೂರಿಗಳಷ್ಟೇ ಮೊಳಗಿದವು; ಅವಳು ಬೆಚ್ಚಿ ನನ್ನ ತೋಳು ಹಿಡಿದಳು" ಎಂದು ತಂದೆ ಉತ್ತರಿಸಿದರು. ಸಂಶಯ ಉಳಿಯಲಿಲ್ಲ: ಅದು ಮೆಂಡೆಲ್‌ಸನ್ನನದೇ.

ಎರಡೂ ರಂಗಭೂಮಿಯ ಕೂಸುಗಳು. ಕೇವಲ ಲೌಕಿಕವಾದುದು ಆರಾಧನೆಯೊಳಗೆ, ವಿಶೇಷವಾಗಿ ವಿವಾಹದಲ್ಲಿ, ನುಸುಳಬಾರದೆಂದು ಧರ್ಮಸಭೆ 1967ರ ಸಂಗೀತ ನಿರ್ದೇಶನದಲ್ಲಿ ಎಚ್ಚರಿಸಿದೆ. ಆದಕಾರಣ ಬಲಿಪೂಜೆಯ ಅಂತಿಮ ಆಶೀರ್ವಾದದ ತನಕ ಗಾನವೃಂದದ ಭಕ್ತಿಗೀತೆಗಳು, ಬ್ಯಾಂಡು ಹೊರಗೆ ಮೆಟ್ಟಿಲ ಬಳಿ ಎಂದು ನಿಶ್ಚಯಿಸಿದೆವು. ತಂದೆಯವರು ಕೂಡಲೇ ಒಪ್ಪಿದರು. ಅವರು ಅದನ್ನು ಕೇಳಿದ್ದೂ ಅಲ್ಲಿಯೇ.