ಈ ಚೌತಿಗೆ ಎಷ್ಟು ಗಣಪ ತರಿಸಬೇಕು?

ಮಣ್ಣಿನ ಗಣಪತಿ ಮಾರುವ ಅಂಗಡಿಯೊಂದನ್ನು ಊಹಿಸಿಕೊಳ್ಳಿ. ಕಳೆದ ಮೂರು ಚೌತಿಗಳಲ್ಲಿ 220, 250, 290 ಮೂರ್ತಿಗಳು ಹೋಗಿವೆ. ಈ ಬಾರಿ ಎಷ್ಟು?

ಮೊದಲು, ಹಬ್ಬವನ್ನು ಹಬ್ಬದೊಂದಿಗೇ ಹೋಲಿಸಬೇಕು. ಚೌತಿ ಒಮ್ಮೆ ಆಗಸ್ಟ್‌ನಲ್ಲಿ, ಇನ್ನೊಮ್ಮೆ ಸೆಪ್ಟೆಂಬರ್‌ನಲ್ಲಿ ಬರುವುದರಿಂದ ತಿಂಗಳ ಲೆಕ್ಕ ದಾರಿ ತಪ್ಪಿಸುತ್ತದೆ.

ಮೂವಿಂಗ್ ಆವರೇಜ್ ಸರಳ: ಮೂರನ್ನೂ ಕೂಡಿ ಮೂರರಿಂದ ಭಾಗಿಸಿದರೆ 253. ಮುಂದಿನ ವರ್ಷ ಹಳೆಯ 220 ಬಿಟ್ಟು, ಹೊಸ ಅಂಕಿ ಸೇರಿಸಬೇಕು.

ಎಕ್ಸ್‌ಪೊನೆನ್ಷಿಯಲ್ ಸ್ಮೂದಿಂಗ್ ಹಿಂದಿನ ಅಂದಾಜಿನ ತಪ್ಪನ್ನು ತಿದ್ದುತ್ತದೆ. ಕಳೆದ ವರ್ಷದ ಅಂದಾಜು 240, ಮಾರಾಟ 290 ಆಗಿದ್ದರೆ ವ್ಯತ್ಯಾಸ 50. ಅದರ 0.6 ಪಾಲು, ಅಂದರೆ 30 ಸೇರಿಸಿದರೆ 270. ಈ ಪಾಲಿನ ಹೆಸರು ಆಲ್ಫಾ. ಅದು ಒಂದಕ್ಕೆ ಹತ್ತಿರವಾದಷ್ಟೂ ಇತ್ತೀಚಿನ ಮಾರಾಟಕ್ಕೆ ತೂಕ ಹೆಚ್ಚು.

ಆದರೆ ಎರಡೂ ಉತ್ತರ 290ಕ್ಕಿಂತ ಕಡಿಮೆ! ಬೇಡಿಕೆ ಏರುತ್ತಲೇ ಇದ್ದರೆ ಇವು ಹಿಂದೆ ಬೀಳುತ್ತವೆ. ವರ್ಷ ವರ್ಷವೂ ಅಂದಾಜು ಕಡಿಮೆಯೇ ಬಂದರೆ ಅದೇ ಸುಳಿವು; ಆಗ ಏರಿಕೆಯನ್ನು ಪ್ರತ್ಯೇಕವಾಗಿ ಲೆಕ್ಕ ಹಾಕುವ ಹೋಲ್ಟ್ ವಿಧಾನ ಬೇಕು.

ಇನ್ನೊಂದು ಎಚ್ಚರ: ಹಬ್ಬದ ಹಿಂದಿನ ದಿನವೇ 290 ಮೂರ್ತಿಯೂ ಖಾಲಿಯಾಗಿದ್ದರೆ, ಅದು ಮಾರಾಟದ ಲೆಕ್ಕವೇ ಹೊರತು ಬೇಡಿಕೆಯದಲ್ಲ. ಬರಿಗೈಲಿ ಹೋದ ಗಿರಾಕಿಗಳನ್ನೂ ಬರೆದಿಡಬೇಕು.